ಏರಿನಲ್ಲಿ ಮಾತ್ರ ಆಫ್ ಆಗುವ ಎಲೆಕ್ಟ್ರಿಕ್ ಸೈಕಲ್: ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಅಳೆದು ಸರಿಪಡಿಸುವುದು

ರಾತ್ರಿಯೆಲ್ಲ ಚಾರ್ಜ್ ಆಗಿದೆ, ಡಿಸ್‌ಪ್ಲೇಯಲ್ಲಿ ಬ್ಯಾಟರಿಯ ಅಷ್ಟೂ ಗೆರೆ ತುಂಬಿವೆ. ಮೈಸೂರಿನ ಒಳಗೆ ಹತ್ತು ಕಿಲೋಮೀಟರ್ ಓಡಿಸಿದರೂ ತಕರಾರಿಲ್ಲ. ತಾವರೆಕಟ್ಟೆ ದಾಟಿ ಚಾಮುಂಡಿ ಬೆಟ್ಟದ ರಸ್ತೆ ಹಿಡಿದ ಮೂರ್ನಾಲ್ಕು ನಿಮಿಷಕ್ಕೆ ಮೋಟರ್ ಸತ್ತುಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಗೆರೆಗಳೆಲ್ಲ ಮತ್ತೆ ತುಂಬಿರುತ್ತವೆ, ಸೈಕಲ್ ಏನೂ ಆಗದ ಹಾಗೆ ಹೊರಡುತ್ತದೆ, ಇನ್ನೂರು ಮೀಟರ್ ಹೋಗಿ ಮತ್ತೆ ಅದೇ ಕಥೆ. ಮಂಡ್ಯದ ಕಡೆಯವರಿಗೆ ಇದು ಇನ್ನೂ ತಡವಾಗಿ ಗೊತ್ತಾಗುತ್ತದೆ. ಗದ್ದೆ ಬಯಲಿನ ಸಮತಟ್ಟು ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ ಸೈಕಲ್ ಮೇಲುಕೋಟೆಯ ಏರಿನಲ್ಲಿ ಮೊದಲ ಸಲ ಕೈಕೊಡುತ್ತದೆ.

ಅಂಗಡಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಹೋಗಿರಲೂಬಹುದು. ಆದರೆ ನೂರು ರೂಪಾಯಿ ಒಳಗಿನ ಒಂದು ಕನೆಕ್ಟರ್ ಸುಟ್ಟಿದ್ದಾಗಲೂ ಲಕ್ಷಣ ಹೀಗೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಮಲ್ಟಿಮೀಟರ್ ಮತ್ತು ಒಂದು ಏರು ರಸ್ತೆ ಸಾಕು. ಕೆಳಗಿನ ಲೆಕ್ಕವೆಲ್ಲ ತುಂಬ ಬಳಕೆಯಲ್ಲಿರುವ ಜೋಡಿಗೆ ಸೇರಿದ್ದು: 36 ವೋಲ್ಟ್, 10 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಹಿಂದಿನ ಚಕ್ರದಲ್ಲಿ 250 ವಾಟ್ ಹಬ್ ಮೋಟರ್, ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ 15 ಆಂಪಿಯರ್ ಕಂಟ್ರೋಲರ್.

ಗೆರೆಗಳು ತುಂಬಿದ್ದರೂ ಯಾಕೆ ನಿಲ್ಲುತ್ತದೆ

ಡಿಸ್‌ಪ್ಲೇಯ ಗೆರೆಗಳು ಒಳಗೆ ಎಷ್ಟು ಚಾರ್ಜ್ ಉಳಿದಿದೆ ಎಂದು ಎಣಿಸುವುದಿಲ್ಲ. ಬಹುಪಾಲು ಸೈಕಲ್‌ಗಳಲ್ಲಿ ಅದು ಆ ಕ್ಷಣದ ವೋಲ್ಟೇಜನ್ನು ನೋಡಿ ಅಂದಾಜು ಹೇಳುತ್ತದೆ, ಅಷ್ಟೆ. 36 ವೋಲ್ಟಿನ ಬ್ಯಾಟರಿ ಎಂದರೆ ಸಾಲಾಗಿ ಜೋಡಿಸಿದ 10 ಸೆಲ್ ಗುಂಪುಗಳು. ಪೂರ್ತಿ ತುಂಬಿದಾಗ ಒಂದೊಂದು ಗುಂಪು 4.2 ವೋಲ್ಟ್, ಒಟ್ಟು 42. ನಿಂತ ಸೈಕಲ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲವಾದ್ದರಿಂದ ಹಳೆಯ, ಸೊರಗಿದ ಬ್ಯಾಟರಿಯೂ 41 ವೋಲ್ಟ್ ತೋರಿಸಬಲ್ಲದು.

ಕರೆಂಟ್ ಹರಿಯಲು ಶುರುವಾದಾಗ ನಿಜ ಹೊರಬೀಳುತ್ತದೆ. ಬ್ಯಾಟರಿಯ ಒಳಗೆ, ವೈರಿನಲ್ಲಿ, ಕನೆಕ್ಟರ್‌ನಲ್ಲಿ ಎಲ್ಲೆಲ್ಲಿ ರೋಧ ಇದೆಯೋ ಅಲ್ಲೆಲ್ಲ ಕರೆಂಟಿಗೆ ತಕ್ಕಂತೆ ವೋಲ್ಟೇಜ್ ಬಿದ್ದುಹೋಗುತ್ತದೆ. ಈ ಕುಸಿತಗಳೆಲ್ಲ ಕಳೆದು ಉಳಿದದ್ದು ಮಾತ್ರ ಕಂಟ್ರೋಲರ್‌ಗೆ ಸಿಗುತ್ತದೆ. ಅದು ಒಂದು ಮಿತಿಗಿಂತ ಕೆಳಗಿಳಿದರೆ ಕಂಟ್ರೋಲರ್ ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಮೋಟರ್ ನಿಲ್ಲಿಸುತ್ತದೆ. 36 ವೋಲ್ಟಿನ ಕಂಟ್ರೋಲರ್‌ಗಳಲ್ಲಿ ಈ ಮಿತಿ ಸುಮಾರು 30ರಿಂದ 32 ವೋಲ್ಟ್. ಹಲವು ಕಂಟ್ರೋಲರ್‌ಗಳ ಮೇಲಂಟಿಸಿದ ಚೀಟಿಯಲ್ಲೇ ಇದನ್ನು ಬರೆದಿರುತ್ತಾರೆ, ಹುಡುಕಿ ಗುರುತು ಹಾಕಿಕೊಳ್ಳಿ. ಮುಂದಿನ ಲೆಕ್ಕಕ್ಕೆ 31 ಎಂದಿಟ್ಟುಕೊಳ್ಳೋಣ.

ಏರಿನಲ್ಲೇ ಯಾಕೆ? ಸವಾರ ಮತ್ತು ಸೈಕಲ್ ಸೇರಿ 100 ಕೆಜಿ ಎನ್ನೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಬ್ಯಾಟರಿಯಿಂದ ಸುಮಾರು 4 ಆಂಪಿಯರ್ ಸಾಕು. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಪೆಡಲ್ ತುಳಿಯದೆ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋದರೆ ಚಕ್ರಕ್ಕೆ 300 ವಾಟ್ ಬೇಕು. ನಿಧಾನಕ್ಕೆ ತಿರುಗುವ ಹಬ್ ಮೋಟರ್ ಪಡೆದದ್ದರಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಕಳೆಯುವುದರಿಂದ ಬ್ಯಾಟರಿಯಿಂದ 500 ವಾಟ್ ದಾಟಿ ಎಳೆಯುತ್ತದೆ, ಅಂದರೆ ಹತ್ತಿರ ಹತ್ತಿರ 14 ಆಂಪಿಯರ್. ಮೋಟರ್ ಮೇಲೆ 250 ವಾಟ್ ಎಂದು ಬರೆದಿದ್ದರೂ ಇಷ್ಟೊಂದು ಹರಿಯುವುದು ಕಂಟ್ರೋಲರ್ 15 ಆಂಪಿಯರ್‌ವರೆಗೆ ಬಿಡುವುದರಿಂದ.

ಕರೆಂಟ್ ಮೂರೂವರೆ ಪಟ್ಟು ಹೆಚ್ಚಿದರೆ ವೋಲ್ಟೇಜ್ ಕುಸಿತವೂ ಮೂರೂವರೆ ಪಟ್ಟು ಹೆಚ್ಚುತ್ತದೆ. ಆದರೆ ಕನೆಕ್ಟರ್‌ನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 12 ಪಟ್ಟು. ಊರೊಳಗೆ ಬೆಚ್ಚಗೂ ಆಗದ ಕನೆಕ್ಟರ್ ಬೆಟ್ಟದಲ್ಲಿ ಕರಗುವುದು ಇದಕ್ಕೇ.

ಮೊದಲ ಹೆಜ್ಜೆ: ನಿಲ್ಲುವ ಕ್ಷಣದಲ್ಲಿ ಡಿಸ್‌ಪ್ಲೇ ನೋಡಿ

ಯಾವ ಉಪಕರಣವೂ ಇಲ್ಲದೆ ಅರ್ಧ ರೋಗನಿರ್ಣಯ ಇಲ್ಲೇ ಮುಗಿಯುತ್ತದೆ. ಮೋಟರ್ ನಿಂತಾಗ ಡಿಸ್‌ಪ್ಲೇ ಉರಿಯುತ್ತಲೇ ಇದ್ದು, ಗೆರೆಗಳು ಮಾತ್ರ ಕೊನೆಯದಕ್ಕೆ ಇಳಿದು ಅಥವಾ ಮಿಟುಕಿ, ಕೆಲವೇ ಸೆಕೆಂಡಿನಲ್ಲಿ ಮತ್ತೆ ತುಂಬಿಕೊಂಡರೆ ನಿಲ್ಲಿಸಿದ್ದು ಕಂಟ್ರೋಲರ್. ಅದಕ್ಕೆ ಸಿಗುವ ವೋಲ್ಟೇಜ್ ಮಿತಿಗಿಂತ ಕೆಳಗೆ ಬಿದ್ದಿದೆ. ಬ್ಯಾಟರಿಯ ಒಳಗೆ ಬಿತ್ತೋ ದಾರಿಯಲ್ಲಿ ಬಿತ್ತೋ ಎಂಬುದು ಇನ್ನೂ ಗೊತ್ತಿಲ್ಲ.

ಡಿಸ್‌ಪ್ಲೇ ಪೂರ್ತಿ ಕತ್ತಲಾಗಿ, ಬ್ಯಾಟರಿಯ ಸ್ವಿಚ್ ಆಫ್ ಮಾಡಿ ಆನ್ ಮಾಡುವವರೆಗೆ ಅಥವಾ ಚಾರ್ಜರ್ ಚುಚ್ಚುವವರೆಗೆ ಏಳದಿದ್ದರೆ ಕಡಿತ ಮಾಡಿದ್ದು ಬ್ಯಾಟರಿಯ ಒಳಗಿನ ರಕ್ಷಣಾ ಬೋರ್ಡ್, ಅಂದರೆ ಬಿಎಂಎಸ್. ಅದು ಒಟ್ಟು ವೋಲ್ಟೇಜ್ ನೋಡುವುದಿಲ್ಲ, ಹತ್ತು ಗುಂಪುಗಳನ್ನೂ ಬೇರೆ ಬೇರೆಯಾಗಿ ಕಾಯುತ್ತದೆ. ಒಂದೇ ಒಂದು ಗುಂಪು 2.7 ಅಥವಾ 2.8 ವೋಲ್ಟಿಗೆ ಕುಸಿದರೂ ಇಡೀ ಬ್ಯಾಟರಿಯನ್ನು ಮುಚ್ಚುತ್ತದೆ.

ಡಿಸ್‌ಪ್ಲೇ ತಾನಾಗಿ ಆರಿ ಹತ್ತುತ್ತಿದ್ದರೆ, ಹಳ್ಳದಲ್ಲಿ ಕುಲುಕಿದಾಗ ನಿಂತು ಕೈಯಿಂದ ಬ್ಯಾಟರಿ ಅಲ್ಲಾಡಿಸಿದರೆ ಸರಿಯಾಗುತ್ತಿದ್ದರೆ, ಹತ್ತು ನಿಮಿಷ ತಣ್ಣಗಾದ ಮೇಲೆ ಮಾತ್ರ ಹೊರಡುತ್ತಿದ್ದರೆ ಮೊದಲ ಅನುಮಾನ ಜೋಡಣೆಯ ಮೇಲೆಯೇ ಇರಲಿ.

ಡಿಸ್‌ಪ್ಲೇ, ಗೆರೆ ಎಲ್ಲ ಸರಿಯಿದ್ದು ಮೋಟರ್ ಮಾತ್ರ ಗುರ್ ಎಂದು ನಡುಗುತ್ತಿದ್ದರೆ ವಿಷಯ ಬೇರೆ. ಕಂಟ್ರೋಲರ್‌ನಿಂದ ಮೋಟರಿಗೆ ಹೋಗುವ ಹಳದಿ, ಹಸಿರು, ನೀಲಿ ದಪ್ಪ ವೈರುಗಳ ಜೋಡಣೆಯನ್ನೋ ಜೊತೆಯ ಸಣ್ಣ ಸೆನ್ಸರ್ ವೈರುಗಳನ್ನೋ ನೋಡಬೇಕು. ಬ್ರೇಕ್ ಲಿವರ್‌ನ ಕಟ್-ಆಫ್ ಸ್ವಿಚ್ ಅಂಟಿಕೊಂಡಿದ್ದರೂ ಮೋಟರ್ ನಿಲ್ಲುತ್ತದೆ, ಆದರೆ ಅದು ಏರು ಇಳಿವು ನೋಡುವುದಿಲ್ಲ.

ಎರಡನೇ ಹೆಜ್ಜೆ: ಮುಟ್ಟಿ, ಮೂಸಿ ನೋಡಿ

ನಿಂತ ತಕ್ಷಣ ಸ್ವಿಚ್ ಆಫ್ ಮಾಡಿ, ಬ್ಯಾಟರಿಯಿಂದ ಕಂಟ್ರೋಲರ್‌ವರೆಗಿನ ದಪ್ಪ ಕೆಂಪು-ಕಪ್ಪು ವೈರನ್ನು ಬೆರಳಿನಿಂದ ಹಿಂಬಾಲಿಸಿ. ಜೋಡಣೆ ಇರುವ ಕಡೆ ಮೂರು ಸೆಕೆಂಡ್ ಬೆರಳಿಡಲು ಆಗದಿದ್ದರೆ ಅದು ಸುಮಾರು 60 ಡಿಗ್ರಿ ದಾಟಿದೆ. ಹೊರಗೇ ಅಷ್ಟಿದ್ದರೆ ಒಳಗಿನ ಪಿನ್ ಇನ್ನೂ ಬಿಸಿ. ವೈರ್ ಎಲ್ಲ ತಣ್ಣಗಿದ್ದು ಜೋಡಣೆಯ ಎರಡೂ ಕಡೆ ಒಂದೊಂದು ಇಂಚು ಮಾತ್ರ ಸುಡುತ್ತಿದ್ದರೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಡ. ವೈರ್ ಉದ್ದಕ್ಕೂ ಒಂದೇ ಸಮ ಬಿಸಿಯಿದ್ದರೆ ವೈರೇ ತೆಳು.

ಬಿಚ್ಚಿ ನೋಡಿದಾಗ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು, ಪಿನ್ ಓರೆಯಾಗಿರುವುದು, ಚಿನ್ನದ ಬಣ್ಣ ಹೋಗಿ ಬೂದು ಅಥವಾ ಕಪ್ಪಾಗಿರುವುದು, ಹಸಿರು ಕಿಲುಬು, ಸುಟ್ಟ ಪ್ಲಾಸ್ಟಿಕ್ ವಾಸನೆ, ಇವುಗಳಲ್ಲಿ ಯಾವುದಿದ್ದರೂ ಆ ಕನೆಕ್ಟರ್ ಬದಲಾಗಲೇಬೇಕು. ಎಳೆದರೆ ಬಿಗಿಯಿಲ್ಲದೆ ಸಲೀಸಾಗಿ ಬಿಚ್ಚಿಕೊಳ್ಳುವುದೂ ಕೆಟ್ಟ ಲಕ್ಷಣವೇ. ಕಿಲುಬಿಗೆ ಮಳೆಗಿಂತ ದೊಡ್ಡ ಕಾರಣ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಶ್. ಬೈಕಿನ ಜೊತೆಗೆ ಸೈಕಲ್‌ಗೂ ಒಂದು ಕೈ ನೀರು ಹೊಡೆಸುವವರು ಬ್ಯಾಟರಿ ಕೂರುವ ತಟ್ಟೆಯತ್ತ ಆ ನಳಿಕೆ ತಿರುಗದಂತೆ ನೋಡಿಕೊಳ್ಳಬೇಕು.

ಬ್ಯಾಟರಿ ಉಬ್ಬಿದ್ದರೆ, ಸೋರಿದ್ದರೆ ಅಥವಾ ಬ್ಯಾಟರಿಯ ಡಬ್ಬಿಯೇ ಒಂದು ಕಡೆ ಸುಡುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಅದನ್ನು ಮನೆಯೊಳಗೆ ಇಡಬೇಡಿ, ಚಾರ್ಜ್ ಮಾಡಬೇಡಿ, ಅಳೆಯುವುದಕ್ಕೂ ಹೋಗಬೇಡಿ.

ಮೂರನೇ ಹೆಜ್ಜೆ: ಏರಿನಲ್ಲಿ ಎರಡು ಕಡೆ ಅಳೆಯಿರಿ

ನಿಂತಾಗ ಅಳೆದ ವೋಲ್ಟೇಜಿನಿಂದ ಇಲ್ಲಿ ಪ್ರಯೋಜನವಿಲ್ಲ. ಕನೆಕ್ಟರ್‌ನ ರೋಧವನ್ನು ಮಲ್ಟಿಮೀಟರಿನ ಓಮ್ಸ್‌ನಲ್ಲಿ ನೋಡುವುದೂ ವ್ಯರ್ಥ. ನಮಗೆ ಬೇಕಾದದ್ದು ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು, ಮೀಟರಿನ ವೈರುಗಳಿಗೇ ಅದಕ್ಕಿಂತ ಹೆಚ್ಚು ರೋಧ ಇರುತ್ತದೆ. ಆದ್ದರಿಂದ ಪೂರ್ತಿ ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜ್ ಓದಬೇಕು.

ಬೇಕಾದದ್ದು ಇಷ್ಟು: ಸಾಧಾರಣ ಡಿಜಿಟಲ್ ಮಲ್ಟಿಮೀಟರ್ (ಕನಿಷ್ಠ ಮತ್ತು ಗರಿಷ್ಠ ಓದನ್ನು ಹಿಡಿದಿಡುವ MIN/MAX ಗುಂಡಿ ಇದ್ದರೆ ತುಂಬ ಅನುಕೂಲ), ಎರಡು ಮೀಟರ್ ತೆಳು ಜೋಡಿ ವೈರ್, 1 ಆಂಪಿಯರ್ ಗಾಜಿನ ಫ್ಯೂಸ್ ಮತ್ತು ಅದರ ಹೋಲ್ಡರ್, ಇನ್ಸುಲೇಷನ್ ಟೇಪ್. ಫ್ಯೂಸನ್ನು ತೆಳು ವೈರಿನ ಪಾಸಿಟಿವ್ ಎಳೆಯಲ್ಲಿ, ಬ್ಯಾಟರಿಗೆ ತಗಲುವ ತುದಿಯ ಪಕ್ಕದಲ್ಲೇ ಹಾಕಿ. ಇದನ್ನು ಬಿಟ್ಟರೆ ನಡೆಯುತ್ತದೆ ಎಂದುಕೊಳ್ಳಬೇಡಿ. ಆ ತೆಳು ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಬ್ಯಾಟರಿ ಅದರ ಮೂಲಕ ಹತ್ತಾರು ಆಂಪಿಯರ್ ಸುರಿದು ವೈರನ್ನು ಕೆಂಪಗೆ ಕಾಯಿಸುತ್ತದೆ. ಫ್ಯೂಸ್ ಇದ್ದರೆ ಚಿಟ್ ಎಂದು ಮುಗಿಯುತ್ತದೆ.

ಬ್ಯಾಟರಿ ಆಫ್ ಮಾಡಿ. ತೆಳು ವೈರಿನ ಬರಿಗೊಳಿಸಿದ ತುದಿಗಳನ್ನು ಕನೆಕ್ಟರಿನ ಬ್ಯಾಟರಿ ಕಡೆಯ ಅರ್ಧಕ್ಕೆ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿನಲ್ಲಿ ಲೋಹಕ್ಕೆ ತಗಲುವ ಹಾಗೆ ತೂರಿಸಿ ಟೇಪ್ ಸುತ್ತಿ. ಒಂದು ತುದಿಗೆ ಟೇಪ್ ಸುತ್ತಿ ಮುಗಿಸಿದ ಮೇಲಷ್ಟೇ ಇನ್ನೊಂದನ್ನು ಮುಟ್ಟಿ. ಇನ್ನೊಂದು ಕೊನೆಯನ್ನು ಮೀಟರಿಗೆ ಕೊಟ್ಟು, ಮೀಟರನ್ನು ಹ್ಯಾಂಡಲ್ ಮೇಲೆ ಕಟ್ಟಿ. ಆಯ್ಕೆ ಡಿಸಿ ವೋಲ್ಟ್, 200ರ ಶ್ರೇಣಿ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ವಾಹನ ಸಂಚಾರ ಕಡಿಮೆ ಇರುವ ಬೆಳಗಿನ ಹೊತ್ತು ಒಂದು ನಿಗದಿತ ಏರನ್ನು ಪೆಡಲ್ ತುಳಿಯದೆ, ಅಸಿಸ್ಟ್ ಗರಿಷ್ಠದಲ್ಲಿಟ್ಟು ಏರಿ. ಥ್ರಾಟಲ್ ಇಲ್ಲದ ಸೈಕಲ್ ಆದರೆ ಪೆಡಲನ್ನು ಬಲ ಹಾಕದೆ ತಿರುಗಿಸುತ್ತಿದ್ದರೆ ಸಾಕು. ಓಡಿಸುವವರು ರಸ್ತೆ ನೋಡಲಿ. ಓದುಗಳನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಆಮೇಲೆ ನೋಡಿದರಾಯಿತು. ನಂತರ ಅದೇ ತುದಿಗಳನ್ನು ಕಂಟ್ರೋಲರ್ ಕಡೆಯ ಅರ್ಧಕ್ಕೆ ಬದಲಿಸಿ, ಮತ್ತೆ ಪೂರ್ತಿ ಚಾರ್ಜ್ ಮಾಡಿ, ಅದೇ ಏರನ್ನು ಅದೇ ರೀತಿ ಏರಿ.

ಕರೆಂಟ್ ಎಷ್ಟೆಂದು ತಿಳಿಯಲು, ಆಟಿಕೆ ವಿಮಾನ ಹಾರಿಸುವವರು ಬಳಸುವ ವಾಟ್ ಮೀಟರ್ ಒಂದನ್ನು ದಾರಿಯಲ್ಲಿ ಸೇರಿಸಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ. ಅದರ ಪರದೆಯಲ್ಲಿ Ap ಎಂದರೆ ಹರಿದ ಗರಿಷ್ಠ ಆಂಪಿಯರ್, Vm ಎಂದರೆ ಕಂಡ ಕನಿಷ್ಠ ವೋಲ್ಟ್. ಆದರೆ ಅದನ್ನು ಸೇರಿಸಲು ಅನುಮಾನದ ಕನೆಕ್ಟರನ್ನೇ ಬಿಚ್ಚಬೇಕಾದರೆ ಸೇರಿಸಬೇಡಿ, ಅಳೆಯಬೇಕಾದ ದೋಷವೇ ಜಾಗ ಬಿಟ್ಟುಹೋಗುತ್ತದೆ. ವಾಟ್ ಮೀಟರ್ ಇಲ್ಲದಿದ್ದರೆ ಕಡಿದಾದ ಏರಿನಲ್ಲಿ ಕಂಟ್ರೋಲರ್ ತನ್ನ ಮಿತಿಯ ಹತ್ತಿರ, ಅಂದರೆ 14 ಆಂಪಿಯರ್ ಎಳೆಯುತ್ತಿದೆ ಎಂದುಕೊಂಡರೆ ಲೆಕ್ಕ ದೊಡ್ಡದಾಗಿ ತಪ್ಪುವುದಿಲ್ಲ.

ಒಂದು ಲೆಕ್ಕ ಪೂರ್ತಿಯಾಗಿ

ಎರಡು ವರ್ಷ ಓಡಿದ ಸೈಕಲ್ ಎಂದುಕೊಳ್ಳಿ. ನಿಂತಾಗ 41.3 ವೋಲ್ಟ್. ಏರಿನಲ್ಲಿ 14 ಆಂಪಿಯರ್ ಹರಿಯುವಾಗ ಬ್ಯಾಟರಿ ಕಡೆ 38.4, ಕಂಟ್ರೋಲರ್ ಕಡೆ 36.8.

```
ಬ್ಯಾಟರಿ:    (41.3 - 38.4) / 14 = 0.207 ಓಮ್
ಕನೆಕ್ಟರ್:   (38.4 - 36.8) / 14 = 0.114 ಓಮ್
ಶಾಖ:       14 x 14 x 0.114 = 22 ವಾಟ್
```

ಕನೆಕ್ಟರಿನಲ್ಲಿ ಕಳೆದುಹೋದದ್ದು 1.6 ವೋಲ್ಟ್ ಮಾತ್ರ, ನೋಡಲು ಏನೂ ಅಲ್ಲ ಅನಿಸುತ್ತದೆ. ಕಂಟ್ರೋಲರ್‌ಗೆ ಇನ್ನೂ 36.8 ಸಿಗುತ್ತಿದೆ, ಮಿತಿ 31. ಹಾಗಾದರೆ ಸೈಕಲ್ ನಿಲ್ಲುವುದೇಕೆ?

ಉತ್ತರ ಮೂರನೇ ಸಾಲಿನಲ್ಲಿದೆ. 22 ವಾಟ್ ಎಂದರೆ ಒಂದು ಸಣ್ಣ ಸಾಲ್ಡರಿಂಗ್ ಐರನ್ ಕೊಡುವ ಶಾಖ, ಅದೂ ಹೆಬ್ಬೆರಳಿನ ಗಾತ್ರದ ಪ್ಲಾಸ್ಟಿಕ್ ಡಬ್ಬಿಯ ಒಳಗೆ. ಅದೇ ಕನೆಕ್ಟರ್ ಸಮತಟ್ಟು ರಸ್ತೆಯ 4 ಆಂಪಿಯರಿನಲ್ಲಿ 2 ವಾಟಿಗಿಂತ ಕಡಿಮೆ ಕಾಯುತ್ತದೆ. ಬೆಟ್ಟದಲ್ಲಿ ನಿಮಿಷ ಕಳೆದಂತೆ ಪಿನ್ನಿನ ಸ್ಪ್ರಿಂಗ್ ಹಿಡಿತ ಸಡಿಲವಾಗುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ರೋಧ ಏರುತ್ತದೆ. ರೋಧ ಏರಿದಂತೆ ಶಾಖ, ಶಾಖ ಏರಿದಂತೆ ಮತ್ತೆ ರೋಧ. ಎರಡನೇ ಸುತ್ತಿನ ವಿಡಿಯೋದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಮೊದಲ ನಿಮಿಷ 36.8, ಎರಡನೇ ನಿಮಿಷದ ಕೊನೆಗೆ 36, ಮೂರನೇ ನಿಮಿಷದಲ್ಲಿ 35, 33, 35 ಎಂದು ತೂರಾಡಿ ಕಡಿತ. ಮೊದಲ ಸುತ್ತಿನಲ್ಲಿ, ಅಂದರೆ ಬ್ಯಾಟರಿ ಕಡೆ, ಅಂಕಿ 38.4ರಿಂದ ನಿಧಾನವಾಗಿ 38ಕ್ಕೆ ಇಳಿದದ್ದು ಬಿಟ್ಟರೆ ಯಾವ ತೂರಾಟವೂ ಇರಲಿಲ್ಲ. ಕೊನೆಯಲ್ಲಿ ಮೀಟರ್ 33 ತೋರಿಸಿದರೂ ನಿಂತದ್ದಕ್ಕೆ ಕಾರಣವಿದೆ. ಸಾಧಾರಣ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ಅದರ ನಡುವೆ ಕ್ಷಣಾರ್ಧದಲ್ಲಿ 30ಕ್ಕೆ ಬಿದ್ದು ಎದ್ದದ್ದನ್ನು ಕಂಟ್ರೋಲರ್ ನೋಡುತ್ತದೆ, ಮೀಟರ್ ನೋಡುವುದಿಲ್ಲ.

ತಣ್ಣಗಾದಾಗ ಪಿನ್ನುಗಳು ಮತ್ತೆ ಒಂದಕ್ಕೊಂದು ತಗಲುತ್ತವೆ, ಸೈಕಲ್ ಹೊರಡುತ್ತದೆ. ದಣಿದ ಬ್ಯಾಟರಿ ಸುಧಾರಿಸಿಕೊಂಡಿತು ಎಂದು ನಾವು ತಪ್ಪು ತಿಳಿಯುವುದು ಇದರಿಂದಲೇ.

ಹೊಸ ಬ್ಯಾಟರಿ ಹಾಕಿದ್ದರೆ? 0.207 ಓಮ್ ಜಾಗದಲ್ಲಿ 0.13 ಬರುತ್ತಿತ್ತು, ಒಂದು ವೋಲ್ಟ್ ಉಳಿಯುತ್ತಿತ್ತು. ಕನೆಕ್ಟರಿನ ಕಂಟ್ರೋಲರ್ ಕಡೆಯ ಅರ್ಧ ಹಾಗೇ ಉಳಿದು ಹೊಸ ಬ್ಯಾಟರಿಯ ಪಿನ್ನನ್ನೂ ಕೆಲವು ವಾರದಲ್ಲಿ ಸುಡುತ್ತಿತ್ತು. ಸುಟ್ಟ ಪಿನ್ ತಾನು ಸೇರಿದ ಒಳ್ಳೆಯ ಪಿನ್ನನ್ನೂ ಹಾಳುಮಾಡುವುದರಿಂದ, ಬದಲಿಸುವಾಗ ಯಾವಾಗಲೂ ಎರಡೂ ಅರ್ಧಗಳನ್ನು ಬದಲಿಸಬೇಕು.

ನಾಲ್ಕನೇ ಹೆಜ್ಜೆ: ಕನೆಕ್ಟರ್ ಬದಲಿಸುವುದು

ಈ ಕರೆಂಟಿಗೆ ಎಕ್ಸ್‌ಟಿ60 ಎಂಬ ಕನೆಕ್ಟರ್ ಧಾರಾಳ ಸಾಕು. ಬ್ಯಾಟರಿಯಲ್ಲಿ ಸ್ವಿಚ್ ಇಲ್ಲದೆ ಪ್ರತಿ ಸಲ ಚುಚ್ಚುವಾಗ ಚಟ್ ಎಂದು ಕಿಡಿ ಹಾರುತ್ತಿದ್ದರೆ ಎಕ್ಸ್‌ಟಿ90-ಎಸ್ ತೆಗೆದುಕೊಳ್ಳಿ. ಕಂಟ್ರೋಲರಿನ ಕೆಪಾಸಿಟರ್ ತುಂಬಿಕೊಳ್ಳುವ ಆ ಕಿಡಿಯೇ ಪಿನ್ನಿನ ತುದಿಯಲ್ಲಿ ಗುಳಿ ಬೀಳಿಸಿ ಮುಂದಿನ ತೊಂದರೆಗೆ ಬೀಜ ಹಾಕುತ್ತದೆ. ಎಕ್ಸ್‌ಟಿ90-ಎಸ್‌ನಲ್ಲಿ ಪಿನ್ ಪೂರ್ತಿ ಕೂರುವ ಮೊದಲು ಒಂದು ಸಣ್ಣ ರೋಧಕದ ಮೂಲಕ ಕೆಪಾಸಿಟರ್ ತುಂಬುತ್ತದೆ. ಮಾರುಕಟ್ಟೆಯಲ್ಲಿ ಹೆಸರು ಮಾತ್ರ ಅದೇ ಇರುವ ಅಗ್ಗದ ನಕಲುಗಳಿವೆ. ಕೂಡಿಸಿದಾಗ ಬಿಗಿಯಾಗಿ ಕೂರದ್ದನ್ನು ಅಂಗಡಿಯಲ್ಲೇ ಬಿಡಿ.

ವೈರ್ 2.5 ಚದರ ಮಿಲಿಮೀಟರ್ ಅಥವಾ 14 ಗೇಜ್, ಸಿಲಿಕೋನ್ ಹೊದಿಕೆಯದ್ದಾದರೆ ಒಳ್ಳೆಯದು. ಮನೆ ವೈರಿಂಗಿನ ಪಿವಿಸಿ ಹೊದಿಕೆ ಸಾಲ್ಡರಿಂಗ್ ಶಾಖಕ್ಕೆ ಹಿಂದೆ ಸರಿದು ತಾಮ್ರ ಬರಿದಾಗುತ್ತದೆ. ಐರನ್ 60 ವಾಟಿಗಿಂತ ಕಡಿಮೆ ಬೇಡ, ತುದಿ ಚಪ್ಪಟೆ ಇರಲಿ. ಮೊಬೈಲ್ ರಿಪೇರಿಯ ಸೂಜಿ ಮೊನೆಯ 25 ವಾಟ್ ಐರನ್ನಿನಿಂದ ಈ ಪಿನ್ನನ್ನು ಕಾಯಿಸಲು ಹೋದರೆ ಸಾಲ್ಡರ್ ಮೇಲೆ ಗೋಲಿಯಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಅಂಥ ಬೆಸುಗೆ ಮತ್ತೊಂದು ಬಿಸಿ ಜೋಡಣೆ, ಬೇರೆಯೇನಲ್ಲ.

ಬ್ಯಾಟರಿ ಕಡೆಯ ವೈರ್ ಯಾವಾಗಲೂ ಜೀವಂತ ಎಂಬುದನ್ನು ಮರೆಯಬೇಡಿ. ಸ್ವಿಚ್ ಇದ್ದರೂ ಅದನ್ನು ನಂಬಿ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಬೇಡಿ, ಕಟರಿನ ಬಾಯಲ್ಲೇ ಶಾರ್ಟ್ ಆಗುತ್ತದೆ. ಉಂಗುರ, ಕೈಗಡಿಯಾರ ತೆಗೆದಿಡಿ. ಮೊದಲು ಕಪ್ಪು ವೈರ್ ಮಾತ್ರ ಕತ್ತರಿಸಿ, ಅದರ ತುದಿಗೆ ಟೇಪ್ ಸುತ್ತಿ, ಆಮೇಲೆ ಕೆಂಪು. ಹೊದಿಕೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಇನ್ನೊಂದು ಇಂಚು ಹಿಂದಕ್ಕೆ ಕತ್ತರಿಸಿ. ಹೊಳೆಯುವ ತಾಮ್ರ ಸಿಗುವವರೆಗೂ ಹೋಗಬೇಕು, ಕಪ್ಪು ತಾಮ್ರಕ್ಕೆ ಸಾಲ್ಡರ್ ಅಂಟುವುದಿಲ್ಲ. ವೈರ್ ಗಿಡ್ಡವಾದರೆ ಕಂಟ್ರೋಲರ್ ಕಡೆಗೆ ಹೊಸ ತುಂಡು ಸೇರಿಸಬಹುದು.

ಕಂಟ್ರೋಲರ್ ಕಡೆಯಿಂದ ಶುರುಮಾಡಿ, ಅಲ್ಲಿ ಜೀವಂತ ವೈರ್ ಇಲ್ಲ, ಕೈ ಪಳಗುತ್ತದೆ. ಹೀಟ್‌ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮೊದಲೇ ವೈರಿಗೆ ತೂರಿಸಿ ದೂರ ಸರಿಸಿಡಿ. ಇದನ್ನು ಮರೆಯದವರು ಯಾರೂ ಇಲ್ಲ. ಕನೆಕ್ಟರಿಗೆ ಅದರ ಜೋಡಿಯನ್ನು, ಬೇರೆ ಯಾವುದಕ್ಕೂ ಸೇರದ ಬಿಡಿ ಅರ್ಧವನ್ನು, ಚುಚ್ಚಿಟ್ಟುಕೊಂಡು ಬೆಸೆಯಿರಿ. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆಯಾಗದಂತೆ ಅದು ಹಿಡಿದಿಡುತ್ತದೆ. ಪಿನ್ನಿನ ಬಟ್ಟಲಿಗೂ ವೈರಿನ ತುದಿಗೂ ಬೇರೆ ಬೇರೆಯಾಗಿ ಫ್ಲಕ್ಸ್ ಹಚ್ಚಿ ಸಾಲ್ಡರ್ ಕುಡಿಸಿ, ಆಮೇಲೆ ಎರಡನ್ನೂ ಸೇರಿಸಿ ನಾಲ್ಕೈದು ಸೆಕೆಂಡ್ ಕಾಯಿಸಿ. ಗಟ್ಟಿಯಾಗುವವರೆಗೆ ಅಲ್ಲಾಡಿಸದೆ ಹಿಡಿಯಿರಿ. ತಣ್ಣಗಾದ ಮೇಲೆ ಬಲವಾಗಿ ಎಳೆದು ನೋಡಿ. ಬೆಸುಗೆ ಹೊಳೆಯದೆ ಹರಳು ಹರಳಾಗಿದ್ದರೆ ಮತ್ತೆ ಕಾಯಿಸಿ.

ಬ್ಯಾಟರಿ ಕಡೆ ಹೆಣ್ಣು ಅರ್ಧವೇ ಇರಬೇಕು, ಬಿಚ್ಚಿದಾಗ ಜೀವಂತ ಪಿನ್ ಹೊರಗೆ ಚಾಚಿರಬಾರದು. ಅಲ್ಲಿ ಒಂದು ಪಿನ್ ಬೆಸೆದು, ಸ್ಲೀವ್ ಕುಗ್ಗಿಸಿ ಮುಚ್ಚಿದ ಮೇಲೆ ಮಾತ್ರ ಇನ್ನೊಂದು ವೈರಿನ ಟೇಪ್ ಬಿಚ್ಚಿ. ಎರಡೂ ಕಡೆ ಮುಗಿದ ಮೇಲೆ, ಕೂಡಿಸುವ ಮೊದಲು ಬ್ಯಾಟರಿ ಕಡೆಯ ಅರ್ಧದಲ್ಲಿ ಪ್ಲಸ್ ಗುರುತಿಗೆ ಕೆಂಪು ಪ್ರೋಬ್ ಇಟ್ಟು ನೋಡಿ. ಅಂಕಿಯ ಮುಂದೆ ಮೈನಸ್ ಬಂದರೆ ತಿರುವುಮುರುವಾಗಿದೆ. ಹಾಗೇ ಚುಚ್ಚಿದರೆ ಕಂಟ್ರೋಲರ್ ಆ ಕ್ಷಣವೇ ಹೋಗುತ್ತದೆ. ಕೊನೆಗೆ ಕನೆಕ್ಟರಿನ ಎರಡೂ ಕಡೆ ವೈರನ್ನು ಫ್ರೇಮಿಗೆ ಜಿಪ್ ಟೈ ಹಾಕಿ ಕಟ್ಟಿ, ರಸ್ತೆಯ ಕುಲುಕು ಬೆಸುಗೆಯ ಮೇಲೆ ಬೀಳಬಾರದು.

ಬ್ಯಾಟರಿಯನ್ನು ಫ್ರೇಮಿನ ತಟ್ಟೆಗೆ ಜಾರಿಸಿ ಕೂರಿಸುವ ಸೈಕಲ್‌ಗಳಲ್ಲಿ ಜೋಡಣೆ ತಟ್ಟೆಯ ಒಳಗಿನ ಪಟ್ಟಿಗಳಲ್ಲಿರುತ್ತದೆ. ಪಟ್ಟಿ ಬರೀ ಮಸುಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಮರಳು ಕಾಗದ ಉಜ್ಜಿದರೆ ಮೇಲಿನ ಲೇಪ ಹೋಗಿ ತಿಂಗಳೊಳಗೆ ಮೊದಲಿಗಿಂತ ಕೆಟ್ಟದಾಗುತ್ತದೆ. ಸುಟ್ಟಿದ್ದರೆ ತಟ್ಟೆಯನ್ನೇ ಬದಲಿಸಿ, ಬ್ಯಾಟರಿ ಕಡೆಯ ಪಟ್ಟಿಯನ್ನೂ ಪರೀಕ್ಷಿಸಿ. ಬೀಗ ಹಾಕಿದ ಮೇಲೂ ಬ್ಯಾಟರಿ ಆಡುತ್ತಿದ್ದರೆ ತಟ್ಟೆಯ ಅಡಿಗೆ ತೆಳು ರಬ್ಬರ್ ಕೊಡಿ. ಆ ಅಲುಗಾಟವೇ ಪಟ್ಟಿ ಸುಡಲು ಕಾರಣವಾಗಿರುತ್ತದೆ.

ಐದನೇ ಹೆಜ್ಜೆ: ಮತ್ತೆ ಅದೇ ಏರು

ಮೂರನೇ ಹೆಜ್ಜೆಯನ್ನು ಹಾಗೇ ಮತ್ತೊಮ್ಮೆ ಮಾಡಿ. ಒಳ್ಳೆಯ ಕನೆಕ್ಟರಿನಲ್ಲಿ 14 ಆಂಪಿಯರಿಗೆ 0.1 ವೋಲ್ಟ್ ಕೂಡ ಬೀಳಬಾರದು. ವೈರೂ ಸೇರಿ ಬ್ಯಾಟರಿಯಿಂದ ಕಂಟ್ರೋಲರ್‌ವರೆಗೆ 0.3 ವೋಲ್ಟ್ ಒಳಗಿದ್ದರೆ ಕೆಲಸ ಸರಿಯಾಗಿದೆ. ಹತ್ತು ನಿಮಿಷ ಏರಿದ ಮೇಲೂ ಕನೆಕ್ಟರ್ ಹಿಡಿದುಕೊಂಡೇ ಇರುವಷ್ಟು ಮಾತ್ರ ಬೆಚ್ಚಗಿರಬೇಕು.

ಎರಡೂ ಕಡೆಯ ಅಂಕಿ ಒಟ್ಟಿಗೇ ಬೀಳುತ್ತಿದ್ದರೆ, ಅಂದರೆ ಬ್ಯಾಟರಿ ಕಡೆಯೇ 41ರಿಂದ 35ಕ್ಕೆ ಇಳಿಯುತ್ತಿದ್ದರೆ, ಆಗ ಮಾತ್ರ ಬ್ಯಾಟರಿಯನ್ನು ದೂರಬಹುದು. ನಾಲ್ಕು ಸೆಲ್‌ಗಳ ಹತ್ತು ಗುಂಪಿರುವ ಹೊಸ ಬ್ಯಾಟರಿಯ ಒಟ್ಟು ರೋಧ 0.1ರಿಂದ 0.15 ಓಮ್ ಇರುತ್ತದೆ. 0.2 ಎಂದರೆ ವಯಸ್ಸಾಗಿದೆ, ಆದರೂ ದುಡಿಯುತ್ತದೆ. 0.4 ದಾಟಿದರೆ ಊರೊಳಗೆ ಓಡಿಸಬಹುದು, ಬೆಟ್ಟ ಬಿಡಬೇಕು.

ಪೂರ್ತಿ ಕತ್ತಲಾಗುವ ಸೈಕಲ್‌ನಲ್ಲಿ ಒಟ್ಟು ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ ಎಂಬುದನ್ನು ನೆನಪಿಡಿ. ಒಂಬತ್ತು ಗುಂಪು 3.9ರಲ್ಲಿದ್ದು ಒಂದು 2.7ಕ್ಕೆ ಬಿದ್ದರೂ ಮೀಟರ್ 37.8 ತೋರಿಸುತ್ತದೆ, ಮರುಕ್ಷಣ ಸೊನ್ನೆ. ಇದಕ್ಕೆ ಹೊರಗಿನಿಂದಲೇ ಸಿಗುವ ಒಂದು ಸುಳಿವಿದೆ. ಚಾರ್ಜರಿನ ದೀಪ ಹಸಿರಾದ ಅರ್ಧ ಗಂಟೆಯ ಮೇಲೆ ಬ್ಯಾಟರಿಯನ್ನು ಅಳೆಯಿರಿ. 41.5ಕ್ಕಿಂತ ಮೇಲಿರಬೇಕಾದದ್ದು 40.5 ಅಥವಾ ಅದಕ್ಕೂ ಕಡಿಮೆ ಇದ್ದರೆ, ಮೊದಲು ಚಾರ್ಜರಿನ ತುದಿಯನ್ನೂ ಅಳೆದು ಅದು 42 ಕೊಡುತ್ತಿದೆಯೇ ನೋಡಿ. ಚಾರ್ಜರ್ ಸರಿಯಿದ್ದರೆ, ಯಾವುದೋ ಗುಂಪು ಬೇಗ ತುಂಬಿ ಬಿಎಂಎಸ್ ಚಾರ್ಜಿಂಗನ್ನೇ ನಿಲ್ಲಿಸಿದೆ, ಉಳಿದವು ಹಿಂದುಳಿದಿವೆ. ಹಸಿರಾದ ಮೇಲೂ ಎಂಟು ಹತ್ತು ಗಂಟೆ, ಎಚ್ಚರವಾಗಿರುವ ಹೊತ್ತಿನಲ್ಲಿ, ಕಣ್ಣೆದುರು ಚಾರ್ಜರಿನಲ್ಲೇ ಬಿಟ್ಟರೆ ಬಿಎಂಎಸ್ ನಿಧಾನವಾಗಿ ಸಮ ಮಾಡಲು ನೋಡುತ್ತದೆ. ಅದರ ಸಮ ಮಾಡುವ ಕರೆಂಟ್ ಕೆಲವು ಹತ್ತು ಮಿಲಿಆಂಪಿಯರ್ ಮಾತ್ರವಾದ್ದರಿಂದ ಒಂದೇ ಸಲಕ್ಕೆ ಪವಾಡ ನಡೆಯುವುದಿಲ್ಲ. ಎರಡು ಮೂರು ಸಲ ಮಾಡಿದರೂ ಅಂಕಿ ಏರದಿದ್ದರೆ ಬ್ಯಾಟರಿ ಬಿಚ್ಚಿ ಗುಂಪುಗಳನ್ನು ಬಿಡಿಯಾಗಿ ಅಳೆಯುವ ಕೆಲಸ, ಅದನ್ನು ಪ್ಯಾಕ್ ಕಟ್ಟುವವರಿಗೇ ಕೊಡಿ. ಬಿಎಂಎಸ್ ಬೈಪಾಸ್ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಸೈಕಲ್ ಬೆಟ್ಟ ಹತ್ತುವುದೂ ನಿಜ, ಕುಸಿದ ಗುಂಪು ಬೆಂಕಿಗೆ ಹತ್ತಿರವಾಗುವುದೂ ನಿಜ. ಆ ಅಂಗಡಿಗೆ ಮತ್ತೆ ಹೋಗಬೇಡಿ.

ಮೇಲಿನ ಲೆಕ್ಕದ ಸೈಕಲ್‌ಗೆ ಮರಳಿದರೆ, ಕನೆಕ್ಟರ್ ಬದಲಾದ ಮೇಲೆ ಪೂರ್ತಿ ಚಾರ್ಜಿನಲ್ಲಿ ಕಂಟ್ರೋಲರ್‌ಗೆ 38.1 ಸಿಗುತ್ತದೆ. ನಿಂತಾಗ 37 ತೋರಿಸುವಷ್ಟು ಖರ್ಚಾದ ಮೇಲೆ ಅದೇ ಏರು ಹಿಡಿದರೆ ಬ್ಯಾಟರಿಯ 2.9, ದಾರಿಯ 0.3 ಕಳೆದು 33.8 ಉಳಿಯುತ್ತದೆ, ತೊಂದರೆಯಿಲ್ಲ. ನಿಂತಾಗಲೇ 35 ಇದ್ದರೆ 31.8 ಮಾತ್ರ, ಜೊತೆಗೆ ಬ್ಯಾಟರಿ ಖಾಲಿಯಾದಂತೆ ಅದರ ಒಳರೋಧವೂ ಏರುವುದರಿಂದ ಕಡಿತ ಬಹುತೇಕ ಖಚಿತ. ಹಾಗಾಗಿ ಈ ಬ್ಯಾಟರಿಯಲ್ಲಿ ಊರೆಲ್ಲ ಸುತ್ತಿ ಬಂದು ಸಂಜೆ ಬೆಟ್ಟ ಹತ್ತುವ ಯೋಚನೆ ಬೇಡ. ಬುಡದಲ್ಲಿ 37 ತೋರಿಸುತ್ತಿದ್ದರೆ ಹತ್ತಿ, ಅದಕ್ಕಿಂತ ಕಡಿಮೆಯಿದ್ದರೆ ಅಸಿಸ್ಟನ್ನು ಎರಡಕ್ಕೆ ಇಳಿಸಿ ಪೆಡಲ್ ತುಳಿಯಿರಿ. ಕಾಲಿನಿಂದ 100 ವಾಟ್ ಕೊಟ್ಟರೆ ಬ್ಯಾಟರಿಯ ಮೇಲಿನ ಎಳೆತ ನಾಲ್ಕು ಆಂಪಿಯರಿಗೂ ಹೆಚ್ಚು ಇಳಿಯುತ್ತದೆ, 35ರಲ್ಲೂ ಕಂಟ್ರೋಲರ್‌ಗೆ ಮಿತಿಗಿಂತ ಒಂದೂವರೆ ವೋಲ್ಟ್ ಮೇಲೆ ಸಿಗುತ್ತದೆ.